ಬಾಲ ಕತ್ತರಿಸಬ್ಯಾಡ್ರಿ: ಮರಾಠಿ ಮಾಮಾನ ಬಾಯಿಗೆ ಕನ್ನಡ ಕೂರಿಸಿದ್ದು

ನಮ್ಮಿಬ್ಬರಲ್ಲಿ ಒಬ್ಬನ ಮನೆ ಬಸವಕಲ್ಯಾಣ, ಇನ್ನೊಬ್ಬಳದು ಹುಮನಾಬಾದ್. ಇಬ್ಬರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಬೀದರ್ ಕಡೆಯ ಕನ್ನಡ, ಬಜಾರಿನಲ್ಲಿ ದಖನಿ, ಬಸ್‌ಸ್ಟ್ಯಾಂಡಿನಲ್ಲಿ ಮರಾಠಿ. ಹೀಗೆ ಬೆಳೆದವರಿಗೆ ಡಬ್ಬಿಂಗ್ ಅಂದ್ರೆ ಹೊಸದೇನಲ್ಲ. ದಿನಾ ತಲೆಯೊಳಗೆ ಅದೇ ನಡೀತಿರುತ್ತದೆ. ಆದರೆ ಒಂದು ಮುಗಿದ ವಿಡಿಯೋವನ್ನು ಎಐ ದನಿಯಲ್ಲಿ ಇನ್ನೊಂದು ಭಾಷೆಗೆ ತರಲು ಕೂತಾಗ, ಕಷ್ಟ ನಾವು ಅಂದುಕೊಂಡ ಕಡೆ ಇರಲಿಲ್ಲ. ತುಟಿ ಕೂರಿಸೋದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಸಿಕ್ಕ ನಿಜವಾದ ಕಷ್ಟ ವಾಕ್ಯದ ಕೊನೆಯ ಎರಡು ಅಕ್ಷರಗಳಲ್ಲಿತ್ತು. ಈ ಬರಹ ಅದರ ಬಗ್ಗೆ.

ವಿಡಿಯೋ ಯಾವುದು ಅಂತ ಮೊದಲು ಹೇಳಿಬಿಡುತ್ತೇವೆ. ಬಸವಕಲ್ಯಾಣದವನ ಸೋದರಮಾವ ಗಡಿಯಾಚೆ ಉಮರ್ಗಾದ ಹತ್ತಿರ ಒಕ್ಕಲುತನ ಮಾಡುತ್ತಾರೆ. ಸೋಯಾಬೀನ್ ಬಿತ್ತುವ ಮೊದಲು ಮನೆಯಲ್ಲೇ ಮೊಳಕೆ ಪರೀಕ್ಷೆ ಮಾಡೋದು ಹೇಗೆ ಅಂತ ಮರಾಠಿಯಲ್ಲಿ ನಾಲ್ಕು ನಿಮಿಷದ ಒಂದು ವಿಡಿಯೋ ಮಾಡಿಸಿದ್ದರು. ನೂರು ಬೀಜ ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಕೆಲವು ದಿನ ಬಿಟ್ಟು ಎಷ್ಟು ಮೊಳಕೆ ಬಂದಿವೆ ಅಂತ ನೋಡೋದು. ಸೋಯಾಬೀನ್ ಬೀಜದ ಸಿಪ್ಪೆ ತೆಳು. ರಾಶಿ ಮಾಡುವಾಗ, ಚೀಲ ಎತ್ತಿ ಒಗೆಯುವಾಗ ಒಳಗೇ ಪೆಟ್ಟಾಗಿರುತ್ತದೆ, ಹೊರಗಿಂದ ಕಾಣೋದಿಲ್ಲ. ಪ್ರಮಾಣಿತ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಶೇ. 70 ಎಂದು ಇರೋದರಿಂದ ಮಾಮಾನ ಲೆಕ್ಕವೂ ಎಪ್ಪತ್ತೇ. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಮುಂಗಾರಿಗೆ ಸೋಯಾಬೀನ್ ದೊಡ್ಡ ಬೆಳೆ. ಮನೆಯಲ್ಲಿ ಇಟ್ಟ ಬೀಜ ಬಿತ್ತುವವರೂ ಬಹಳ ಮಂದಿ. ಮೊಳಕೆ ಬರದಿದ್ದರೆ ಮತ್ತೆ ಬೀಜ ಕೊಳ್ಳಬೇಕು, ಮತ್ತೆ ಬಿತ್ತಬೇಕು. ಅಷ್ಟರಲ್ಲಿ ಮಳೆ ಹೋಗಿರುತ್ತದೆ. ಹಾಗಾಗಿ ವಿಡಿಯೋ ಕನ್ನಡಕ್ಕೆ ಬರಲಿ ಅಂತ ಮಾಮಾನೇ ಕೇಳಿದರು. ತಮ್ಮ ದನಿಯನ್ನು ಯಂತ್ರದಲ್ಲಿ ಬಳಸಬಹುದು ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿ ಒಪ್ಪಿಗೆಯನ್ನೂ ಕಳಿಸಿದರು.

ಕೆಲಸದ ಸಾಲು

ಇಂಥ ಡಬ್ಬಿಂಗಿಗೆ ಐದು ಮೆಟ್ಟಿಲು. ಮೊದಲು ಮಾತನ್ನೂ ಹಿಂದಿನ ಸದ್ದನ್ನೂ ಬೇರೆ ಮಾಡಬೇಕು. ಟ್ರ್ಯಾಕ್ಟರ್ ಸದ್ದು, ಹಕ್ಕಿ ಸದ್ದು ಉಳಿಯದಿದ್ದರೆ ಹೊಲದಲ್ಲಿ ನಿಂತವರು ಸ್ಟುಡಿಯೋದಲ್ಲಿ ಮಾತಾಡಿದಂತೆ ಕೇಳುತ್ತದೆ. ಎರಡನೆಯದು, ಮಾತನ್ನು ಬರಹಕ್ಕೆ ಇಳಿಸಿ ಪ್ರತಿ ವಾಕ್ಯ ಯಾವ ಸೆಕೆಂಡಿಗೆ ಶುರುವಾಗಿ ಯಾವಾಗ ಮುಗಿಯುತ್ತದೆ ಅಂತ ಗುರುತು ಹಾಕೋದು. ವಿಸ್ಪರ್ ಇದನ್ನು ಮಾಡಿಕೊಡುತ್ತದೆ. ಮೂರನೆಯದು ಅನುವಾದ. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ಟ್ರಾನ್ಸ್2ರಲ್ಲಿ ಮರಾಠಿಯಿಂದ ಕನ್ನಡಕ್ಕೆ ನೇರವಾಗಿ ಹೋಗಬಹುದು, ನಡುವೆ ಇಂಗ್ಲಿಷ್ ಬೇಕಿಲ್ಲ. ನಾಲ್ಕನೆಯದು ದನಿ. ಅದೇ ತಂಡದ ಇಂಡಿಕ್‌ಎಫ್5ಗೆ ಮಾಮಾನ ದನಿಯ ಕೆಲವು ಸೆಕೆಂಡಿನ ಮಾದರಿ ಮತ್ತು ಕನ್ನಡ ವಾಕ್ಯ ಕೊಟ್ಟರೆ ಅವರದೇ ಗಂಟಲಿನಂಥ ದನಿಯಲ್ಲಿ ಓದುತ್ತದೆ. ಐದನೆಯದು ತುಟಿ.

ತುಟಿಯ ಕೆಲಸಕ್ಕೆ ನಾವು ಬಳಸಿದ್ದು ವಾವ್‌ಟುಲಿಪ್. ಅದು ಹುಟ್ಟಿದ್ದು ಐಐಐಟಿ ಹೈದರಾಬಾದಿನಲ್ಲಿ, 2020ರಲ್ಲಿ. ಹುಮನಾಬಾದಿನ ಪಕ್ಕದಲ್ಲೇ ಹಾಯುವ ಪುಣೆ–ಹೈದರಾಬಾದ್ ಹೈವೇ ಹಿಡಿದು ನೇರ ಹೋದರೆ ಸಿಗುವ ಊರಿನದೇ ಅಂತ ಗೊತ್ತಾದಾಗ ನಮಗೆ ಖುಷಿಯಾಯಿತು. ಅದು ವಾಣಿಜ್ಯಕ್ಕೆ ಬಳಸುವಂತಿಲ್ಲ, ಕಲಿಕೆಗೆ ಆಗಬಹುದು.

ಈ ಐದು ಮೆಟ್ಟಿಲನ್ನು ಒಂದೇ ಗುಂಡಿ ಒತ್ತಿ ಓಡಿಸುವ ವ್ಯವಸ್ಥೆಗಳೂ ಇವೆ. ಹಾಗೆ ಓಡಿಸಿದರೆ ಏನಾಗುತ್ತದೆ ಅಂತ ಒಂದು ವಾಕ್ಯದಲ್ಲಿ ನೋಡೋಣ.

ಮೂರು ಸೆಕೆಂಡಿನ ವಾಕ್ಯ

ಇಡೀ ವಿಡಿಯೋದ ಮುಖ್ಯ ಮಾತು ಇದು: "ಸತ್ತರಪೇಕ್ಷಾ ಕಮೀ ಉಗವಲ್ಯಾ ತರ್, ತೇ ಬಿಯಾಣೇ ಪೇರೂ ನಕಾ." ಎಪ್ಪತ್ತಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬಿತ್ತಬೇಡಿ. ಬರೆದಂತೆ ಎಣಿಸಿದರೆ ಇಪ್ಪತ್ತು ಅಕ್ಷರ. 'ತರ್' ಆದ ಮೇಲೆ ಮಾಮಾ ಒಂದು ಚಣ ನಿಲ್ಲುತ್ತಾರೆ. ಎಲ್ಲ ಸೇರಿ 3.3 ಸೆಕೆಂಡ್. ಅಂದರೆ ಕನ್ನಡಕ್ಕೆ ಸಿಕ್ಕ ಜಾಗವೂ ಅಷ್ಟೇ.

ಯಂತ್ರ ಕೊಟ್ಟ ಕನ್ನಡ: "ಎಪ್ಪತ್ತಕ್ಕಿಂತ ಕಡಿಮೆ ಬೀಜಗಳು ಮೊಳಕೆಯೊಡೆದಿದ್ದರೆ ಆ ಬಿತ್ತನೆ ಬೀಜವನ್ನು ಬಿತ್ತಬೇಡಿ." ತಪ್ಪಿಲ್ಲ. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಮಾರ್ಕ್ಸ್ ಸಿಗುತ್ತದೆ. ಆದರೆ ಎಣಿಸಿದರೆ ಮೂವತ್ತೆರಡು ಅಕ್ಷರ. ನಮ್ಮ ಯಂತ್ರದ ದನಿ ಸೆಕೆಂಡಿಗೆ ಸುಮಾರು ಆರೂವರೆ ಅಕ್ಷರ ಓದುತ್ತಿತ್ತು. ಹಾಗಾದರೆ ಈ ವಾಕ್ಯಕ್ಕೆ 4.9 ಸೆಕೆಂಡ್ ಬೇಕು. ಜಾಗ 3.3.

ಇಲ್ಲಿ ಗುಂಡಿ ಒತ್ತುವ ವ್ಯವಸ್ಥೆ ಮೂರು ಕೆಲಸ ಮಾಡಬಲ್ಲದು. ಒಂದು, ಓಡಿಸೋದು. ಒಂದೂವರೆ ಪಟ್ಟು ವೇಗ ಕೊಟ್ಟರೆ 4.9 ಸೆಕೆಂಡ್ 3.3ಕ್ಕೆ ಇಳಿಯುತ್ತದೆ. ಆದರೆ ಕಾಮೆಂಟ್ರಿ ಹೇಳುವವರು ಕೊನೆಯ ಓವರಿನಲ್ಲಿ ಮಾತಾಡಿದಂತೆ ಆಗುತ್ತದೆ. ನಮ್ಮ ಕಿವಿಗೆ 1.15 ಪಟ್ಟಿನವರೆಗೆ ಗೊತ್ತಾಗಲಿಲ್ಲ. 1.2 ದಾಟಿದ ಮೇಲೆ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದವು. ಎರಡು, ಮುಂದಿನ ಮೌನವನ್ನು ಸಾಲ ತಗೊಳ್ಳೋದು. ವಾಕ್ಯ ಮುಗಿದ ಮೇಲೆ ಮಾಮಾ ಉಸಿರು ತಗೊಳ್ಳುವ 0.3 ಸೆಕೆಂಡ್ ಇದೆ, ಅದರೊಳಗೆ ಮಾತು ಚಾಚಬಹುದು. ಮೂರು, ಜಾಗ ಮುಗಿದ ಕೂಡಲೇ ಆಡಿಯೋ ಕತ್ತರಿಸೋದು.

ಈ ಮೂರನ್ನೂ ಸ್ವಲ್ಪ ಸ್ವಲ್ಪ ಮಾಡಿದರೆ? ವೇಗ 1.3, ಸಾಲದ ಮೌನ ಸೇರಿ ಜಾಗ 3.6 ಸೆಕೆಂಡ್. ಅಷ್ಟರಲ್ಲಿ ಮೂವತ್ತು ಅಕ್ಷರ ಹಿಡಿಯುತ್ತದೆ. ಮೂವತ್ತೆರಡರಲ್ಲಿ ಮೂವತ್ತು! ಪರವಾಗಿಲ್ಲ ಅನಿಸುತ್ತದೆ, ಅಲ್ಲವೇ? ಈಗ ವಾಕ್ಯವನ್ನು ಮೂವತ್ತನೇ ಅಕ್ಷರದವರೆಗೆ ಓದಿ: "ಎಪ್ಪತ್ತಕ್ಕಿಂತ ಕಡಿಮೆ ಬೀಜಗಳು ಮೊಳಕೆಯೊಡೆದಿದ್ದರೆ ಆ ಬಿತ್ತನೆ ಬೀಜವನ್ನು ಬಿತ್ತ". ಹೋದದ್ದು 'ಬೇಡಿ'.

ಈ ವಾಕ್ಯವನ್ನು ಕಾಗದದ ಮೇಲೆ ಎಣಿಸಿ ನೋಡಿದ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಇಂಗ್ಲಿಷಿನಲ್ಲಿ ಬೇಡ ಅನ್ನೋದು ಕ್ರಿಯಾಪದದ ಮುಂದೆಯೇ ಬಂದು ಹೋಗುತ್ತದೆ. ಅಲ್ಲಿ ವಾಕ್ಯದ ತುದಿ ಸ್ವಲ್ಪ ಹರಿದರೂ ನಿಷೇಧ ಉಳಿಯುತ್ತದೆ. ಕನ್ನಡದಲ್ಲಿ ಬೇಡ, ಇಲ್ಲ, ಬಾರದು, ಕೂಡದು ಎಲ್ಲವೂ ಬಾಲದಲ್ಲಿ. ಯಾರು ಹೇಳಿದರು, ಆಯಿತೋ ಆಗಲಿಲ್ಲವೋ, ಪ್ರಶ್ನೆಯೋ ಉತ್ತರವೋ ಅದೂ ಬಾಲದಲ್ಲಿ. ಹಾಗಾಗಿ ಕನ್ನಡಕ್ಕೆ ಡಬ್ ಮಾಡುವಾಗ ಎಲ್ಲಿ ಬೇಕಾದರೂ ಉಳಿತಾಯ ಮಾಡಬಹುದು, ಬಾಲದಲ್ಲಿ ಮಾತ್ರ ಮಾಡುವಂತಿಲ್ಲ. ಯಂತ್ರಕ್ಕೆ ಕೊನೆಯ 0.2 ಸೆಕೆಂಡೂ ಮೊದಲ 0.2 ಸೆಕೆಂಡೂ ಒಂದೇ. ಬೀಜದ ಚೀಲ ಬಿಚ್ಚಿಕೊಂಡು ಕೂತವರಿಗೆ ಒಂದೇ ಅಲ್ಲ.

ವಾಕ್ಯವನ್ನೇ ಅಳತೆಗೆ ಹೊಲಿಯೋದು

ಆದ್ದರಿಂದ ನಾವು ವೇಗದ ಗುಂಡಿ ಬಿಟ್ಟು ಅನುವಾದಕ್ಕೆ ವಾಪಸ್ ಹೋದೆವು. ಪ್ರತಿ ವಾಕ್ಯದ ಮುಂದೆ ಅದರ ಸೆಕೆಂಡ್, ಅದನ್ನು ಆರೂವರೆಯಿಂದ ಗುಣಿಸಿದರೆ ಬರುವ ಅಕ್ಷರಗಳ ಮಿತಿ ಬರೆದೆವು. 3.3 ಸೆಕೆಂಡಿಗೆ ಇಪ್ಪತ್ತೊಂದು. ಮೊದಲು 'ಬೀಜಗಳು' ತೆಗೆದೆವು, ಮಾಮಾನ ಕೈಯಲ್ಲೇ ಬೀಜ ಕಾಣುತ್ತಿದೆಯಲ್ಲ. 'ಬಿತ್ತನೆ ಬೀಜವನ್ನು ಬಿತ್ತಬೇಡಿ' ಅಂತ ಎರಡು ಸಲ ಬಿತ್ತೋದೂ ಬೇಡ. ಆದರೂ 'ಮೊಳಕೆಯೊಡೆದಿದ್ದರೆ' ಒಂದೇ ಎಂಟು ಅಕ್ಷರ ತಿನ್ನುತ್ತಿತ್ತು.

ಆಗ ಹುಮನಾಬಾದಿನವಳು ಮನೆಯಲ್ಲಿ ಹೇಳುವಂತೆ ಹೇಳಿದಳು: "ಎಪ್ಪತ್ತಕಿಂತ ಕಮ್ಮಿ ಮೊಳಕಿ ಬಂದ್ರ, ಆ ಬೀಜ ಬಿತ್ತಬ್ಯಾಡ್ರಿ." ಎಣಿಸಿದೆವು. ಹತ್ತೊಂಬತ್ತು.

ಓದಲು 2.9 ಸೆಕೆಂಡ್. ಉಳಿದ 0.4 ಸೆಕೆಂಡನ್ನು 'ಬಂದ್ರ' ಆದ ಮೇಲೆ ಇಟ್ಟೆವು, ಮಾಮಾ 'ತರ್' ಆದ ಮೇಲೆ ನಿಂತ ಜಾಗದಲ್ಲಿ. ವೇಗ ಬದಲಿಸಲೇ ಇಲ್ಲ. ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದರು, ಪುಸ್ತಕದ ಕನ್ನಡ ಸ್ವಲ್ಪ ಕಲಿಸಿದರು. ಮನೆಯ ಕನ್ನಡ ಬರೆಯುವ ಭಾಷೆ ಅಂತ ಯಾರೂ ಹೇಳಿರಲಿಲ್ಲ. ಇಲ್ಲಿ ಅದು ಚೆಂದಕ್ಕೆ ಬಂದದ್ದಲ್ಲ, ಲೆಕ್ಕಕ್ಕೆ ಬಂದದ್ದು. ವಿಭಕ್ತಿಯ ಬಾಲ ಉದುರಿಸಿ, ಸ್ವರ ಜಾರಿಸಿ ಆಡುಮಾತು ಮಾಡುವ ಉಳಿತಾಯವೇ ಡಬ್ಬಿಂಗಿಗೆ ಬೇಕಾದ ಉಳಿತಾಯ. ಅಷ್ಟೆಲ್ಲ ಉಳಿಸಿದರೂ 'ಬ್ಯಾಡ್ರಿ' ಮಾತ್ರ ಪೂರ್ತಿ ಇರುತ್ತದೆ, ಜೊತೆಗೆ ಮರ್ಯಾದೆಯ 'ರಿ' ಕೂಡ.

ಒಂದು ತೊಂದರೆ ಇದೆ. ದನಿಯ ಯಂತ್ರಕ್ಕೆ ನಮ್ಮ ಆಡುಮಾತು ಸುಲಭವಾಗಿ ಹೊರಳಲಿಲ್ಲ. 'ಬಿತ್ತಬ್ಯಾಡ್ರಿ'ಯನ್ನು ಮೊದಲ ಸಲ ಅದು ಪಾಠ ಒಪ್ಪಿಸುವಂತೆ ಓದಿತು. ಒಂದೇ ವಾಕ್ಯವನ್ನು ನಾಲ್ಕೈದು ಸಲ ಓದಿಸಿ ಸರಿಯಾದದ್ದನ್ನು ಆರಿಸಬೇಕಾಯಿತು. ಅಂಕಿಗಳನ್ನು ಅಕ್ಷರದಲ್ಲೇ ಬರೆದು ಕೊಡಬೇಕು. 70 ಅಂತ ಬರೆದರೆ ಅದು ಏನು ಓದುತ್ತದೆ ಅನ್ನೋದು ಅದರ ಮರ್ಜಿ.

ತುಟಿ: ಎಲ್ಲಿ ಬೇಕು, ಎಲ್ಲಿ ಬೇಡ

ಮಾತಾಡುವವರ ಮುಖ ನೋಡುವಾಗ ನಮ್ಮ ಕಣ್ಣು ಎಲ್ಲ ಅಕ್ಷರಗಳನ್ನೂ ಹಿಡಿಯೋದಿಲ್ಲ. ಕ, ಟ, ತ ಬಾಯಿಯೊಳಗೆ ಆಗುವ ಕೆಲಸ. ಪ, ಬ, ಮ ಹಾಗಲ್ಲ, ಎರಡೂ ತುಟಿ ಮುಚ್ಚಲೇಬೇಕು. ದನಿಯಲ್ಲಿ 'ಬ' ಕೇಳಿ ತೆರೆಯಲ್ಲಿ ತುಟಿ ತೆರೆದೇ ಇದ್ದರೆ ಎಲ್ಲೋ ಏನೋ ತಪ್ಪಿದೆ ಅಂತ ಯಾರಿಗಾದರೂ ಅನಿಸುತ್ತದೆ, ಏನು ಅಂತ ಹೇಳಲು ಬಾರದಿದ್ದರೂ.

ಈಗ ನಮ್ಮ ವಾಕ್ಯವನ್ನು ಮತ್ತೆ ನೋಡಿ. ಮರಾಠಿಯ ಏಳನೇ ಅಕ್ಷರ 'ಕಮೀ'ಯ ಮೀ, ಕನ್ನಡದ ಏಳನೆಯದು 'ಕಮ್ಮಿ'ಯ ಮ್ಮಿ. ಮರಾಠಿಯ ಹದಿನಾಲ್ಕನೆಯದು 'ಬಿಯಾಣೇ'ಯ ಬಿ, ಕನ್ನಡದ ಹದಿನಾಲ್ಕನೆಯದು 'ಬೀಜ'ದ ಬೀ. 'ಪೇರೂ ನಕಾ' ತುಟಿ ಮುಚ್ಚಿ ಶುರುವಾಗುತ್ತದೆ, 'ಬಿತ್ತಬ್ಯಾಡ್ರಿ'ಯೂ ಹಾಗೇ. ಇದನ್ನು ನಾವು ಯೋಜನೆ ಹಾಕಿ ಮಾಡಿದ್ದಲ್ಲ. ಎರಡೂ ಭಾಷೆಯಲ್ಲಿ ಷರತ್ತು ಮೊದಲು, ವಸ್ತು ನಡುವೆ, ಕ್ರಿಯಾಪದ ಕೊನೆಗೆ, ನಿಷೇಧ ಅದರ ಬೆನ್ನಿಗೆ. ಹಾಗಾಗಿ ಮಾತಿನ ತುಂಡುಗಳು ತಾವಾಗಿ ಎದುರುಬದುರು ಕೂರುತ್ತವೆ. 'ನಕಾ' ಅನ್ನುವಾಗ ಮಾಮಾ ಕೈ ಅಲ್ಲಾಡಿಸುತ್ತಾರೆ. ಕನ್ನಡದಲ್ಲೂ ಅದೇ ಹೊತ್ತಿಗೆ 'ಬ್ಯಾಡ್ರಿ' ಬರುತ್ತದೆ. ಮೂಲ ಇಂಗ್ಲಿಷಿನದಾಗಿದ್ದರೆ ಕೈ ಮೊದಲು ಅಲ್ಲಾಡಿ, 'ಬ್ಯಾಡ್ರಿ' ಎರಡು ಸೆಕೆಂಡ್ ತಡವಾಗಿ ಬರುತ್ತಿತ್ತು. ಅದನ್ನು ಯಾವ ತುಟಿಯ ಯಂತ್ರವೂ ಸರಿ ಮಾಡಲಾರದು, ಯಾಕೆಂದರೆ ಅದು ಕೈ ಮುಟ್ಟೋದಿಲ್ಲ.

ನಾಲ್ಕು ನಿಮಿಷದ ವಿಡಿಯೋವನ್ನು ಶಾಟುಗಳಾಗಿ ಬಿಡಿಸಿದಾಗ ಇನ್ನೊಂದು ಸಮಾಧಾನ ಸಿಕ್ಕಿತು. ಮಾಮಾನ ಮುಖ ಹತ್ತಿರದಿಂದ ಕಾಣೋದು ಸುಮಾರು ಒಂದೂವರೆ ನಿಮಿಷ ಮಾತ್ರ. ಉಳಿದದ್ದು ಕೈ, ಬೀಜ, ಗೋಣಿತಟ್ಟು, ದೂರದ ಹೊಲ. ಅಲ್ಲಿ ತುಟಿಯ ಮಾತೇ ಇಲ್ಲ. ಉದ್ದ ವಾಕ್ಯಗಳಿಗೆ ಅಲ್ಲೇ ಜಾಗ ಕೊಟ್ಟೆವು. ಮುಖ ಕಾಣುವಾಗ ಬಾಯಿ ಮುಚ್ಚಿದ ಮೇಲೂ ಮಾತು ಚಾಚಿದರೆ ಕಾಣುತ್ತದೆ. ಕೈ ಕಾಣುವಾಗ ಅರ್ಧ ಸೆಕೆಂಡ್ ಚಾಚಿದರೂ ಯಾರೂ ಕೇಳೋದಿಲ್ಲ.

ವಾವ್‌ಟುಲಿಪ್ ಓಡಿಸುವ ಮೊದಲು ಒಂದು ಕೆಲಸ ಕಡ್ಡಾಯ. ಫೋನ್ ವಿಡಿಯೋದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು ಬೆಳಕಿನ ಪ್ರಕಾರ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಅದನ್ನು ಹಾಗೇ ಕೊಟ್ಟರೆ ಶುರುವಿನಲ್ಲಿ ಸರಿ ಇದ್ದ ತುಟಿ ಕೊನೆಗೆ ಜಾರಿರುತ್ತದೆ. ಆದ್ದರಿಂದ ಮೊದಲೇ 25ಕ್ಕೆ ಕಟ್ಟಿಹಾಕಬೇಕು:

```
ffmpeg -i mama.mp4 -vf fps=25 mama25.mp4
```

ಆಮೇಲೆ ಮುಖ ಇರುವ ಶಾಟುಗಳನ್ನು ಮಾತ್ರ ಬೇರೆ ಮಾಡಿ ಒಂದೊಂದಾಗಿ:

```
python inference.py \
  --checkpoint_path checkpoints/wav2lip_gan.pth \
  --face shot07.mp4 --audio shot07_kn.wav \
  --pads 0 20 0 0
```

ಇಡೀ ವಿಡಿಯೋ ಒಮ್ಮೆಗೇ ಕೊಟ್ಟರೆ ಮುಖ ಇಲ್ಲದ ಮೊದಲ ಫ್ರೇಮಿಗೇ ಅದು ನಿಂತುಬಿಡುತ್ತದೆ. `--pads`ನ ಎರಡನೇ ಅಂಕಿ ಗಲ್ಲದ ಕೆಳಗಿನ ಜಾಗ. ಅದನ್ನು 10ರಿಂದ 20ಕ್ಕೆ ಏರಿಸಿದ ಮೇಲೆ ಮಾಮಾನ ಗಲ್ಲ ಪೂರ್ತಿ ಒಳಗೆ ಬಂತು. ಅದಕ್ಕೂ ಮೊದಲು ತುಟಿ ಅಲ್ಲಾಡುತ್ತಿತ್ತು, ಗಲ್ಲ ಅಲ್ಲಾಡುತ್ತಿರಲಿಲ್ಲ.

ಈ ಯಂತ್ರ ಕಲಿತದ್ದು ಬಿಬಿಸಿಯ ಇಂಗ್ಲಿಷ್ ಕಾರ್ಯಕ್ರಮಗಳಿಂದ. ಆದರೂ ಕನ್ನಡಕ್ಕೆ ತುಟಿ ಅಲ್ಲಾಡಿಸುತ್ತದೆ, ಯಾಕೆಂದರೆ ಅದು ಪದ ನೋಡೋದಿಲ್ಲ, 0.2 ಸೆಕೆಂಡಿನ ಸದ್ದಿನ ತುಂಡು ನೋಡುತ್ತದೆ. ಅದರ ಮಿತಿ ಬೇರೆ ಕಡೆ. ಅದು ಮುಖವನ್ನು 96 × 96 ಪಿಕ್ಸೆಲಿನಲ್ಲಿ ಬರೆದು ಮತ್ತೆ ದೊಡ್ಡದು ಮಾಡಿ ಅಂಟಿಸುತ್ತದೆ. ಮಾಮಾನಿಗೆ ದಪ್ಪ ಮೀಸೆ. ಹತ್ತಿರದ ಶಾಟಿನಲ್ಲಿ ಮೀಸೆಯ ಕೂದಲು ಮಂಜಿನಂತೆ ಆಗಿ ಫ್ರೇಮಿನಿಂದ ಫ್ರೇಮಿಗೆ ನಡುಗಿತು. ಮುಖ ಪಕ್ಕಕ್ಕೆ ತಿರುಗಿದಾಗ, ಬಾಯಿಯ ಮುಂದೆ ಕೈ ಬಂದಾಗ ಬೆರಳುಗಳು ಕರಗಿದವು. ಅಂಥ ಎರಡು ಶಾಟಿನಲ್ಲಿ ತುಟಿಯ ಯಂತ್ರ ಬಿಟ್ಟು ಮೂಲ ಚಿತ್ರವನ್ನೇ ಇಟ್ಟೆವು. ಅಳತೆಗೆ ಹೊಲಿದ ವಾಕ್ಯ ಇದ್ದದ್ದರಿಂದ ಅವೇ ಹೆಚ್ಚು ಸಹಜ ಅನಿಸಿದವು. ಮೀಸೆಯಡಿ ತುಟಿ ಅರ್ಧ ಕಾಣೋದೇ ಇಲ್ಲ, ಅದು ನಮ್ಮ ಅದೃಷ್ಟ.

ಎಷ್ಟು ಸರಿದರೆ ಗೊತ್ತಾಗುತ್ತದೆ

ಟಿವಿ ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇಟ್ಟ ಅಳತೆಯೊಂದಿದೆ. ದನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಹೋದರೆ ನೋಡುವವರಿಗೆ ಗೊತ್ತಾಗುತ್ತದೆ. ಹಿಂದೆ ಬಿದ್ದರೆ ಮಾತ್ರ 125ರವರೆಗೆ ಗೊತ್ತಾಗೋದಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಅಂದರೆ ಮುಂದಕ್ಕೆ ಒಂದು ಫ್ರೇಮ್, ಹಿಂದಕ್ಕೆ ಮೂರು. ಯಾಕೆ ಈ ಪಕ್ಷಪಾತ ಅಂದ್ರೆ, ಹೊಲದಾಚೆ ಕೊಡಲಿ ಬೀಳೋದನ್ನು ನೋಡಿದ ಮೇಲೆಯೇ ಸದ್ದು ಕೇಳುತ್ತದೆ. ಸದ್ದು ತಡವಾಗಿ ಬರೋದು ನಮಗೆ ಹುಟ್ಟಿನಿಂದ ರೂಢಿ. ಮೊದಲೇ ಬರೋದನ್ನು ಯಾರೂ ಕಂಡಿಲ್ಲ. ಹಾಗಾಗಿ ಅನುಮಾನ ಬಂದ ಕಡೆಯೆಲ್ಲ ದನಿಯನ್ನು ಒಂದು ಫ್ರೇಮ್ ಹಿಂದಕ್ಕೆ ತಳ್ಳಿದೆವು.

ಕೊನೆಗೆ ಮೂರು ಪರೀಕ್ಷೆ. ಮೊದಲು ಕಣ್ಣು ಮುಚ್ಚಿ ಕೇಳೋದು, ಓಡಿದ ಕಡೆ ಮತ್ತು ಬಾಲ ಹರಿದ ಕಡೆ ಕಿವಿಗೆ ಸಿಗುತ್ತದೆ. ಆಮೇಲೆ ದನಿ ಮುಚ್ಚಿ ನೋಡೋದು, ನಡುಗುವ ಮೀಸೆ ಕಣ್ಣಿಗೆ ಸಿಗುತ್ತದೆ. ಮೂರನೆಯದು ಯಂತ್ರದಿಂದ ಆಗದ್ದು: ಮರಾಠಿ ಬಾರದವರಿಗೆ ಒಮ್ಮೆ ತೋರಿಸಿ, ತುಟಿ ಹೇಗಿದೆ ಅಂತ ಕೇಳದೆ, ಕೆಲಸದ ಪ್ರಶ್ನೆ ಕೇಳೋದು. ರಾಜೇಶ್ವರದ ಒಬ್ಬ ಕಾಕಾಗೆ ತೋರಿಸಿ, "ಕಾಕಾ, ನೂರರಾಗ ಅರವತ್ತೈದು ಮೊಳಕಿ ಬಂದ್ರ ಏನ್ ಮಾಡ್ತೀರಿ?" ಅಂತ ಕೇಳಿದೆವು. "ಏನ್ ಮಾಡೋದು, ಆ ಬೀಜ ಬಿತ್ತಂಗಿಲ್ಲ ಅಂದಾನಲ್ಲ ಆಂವಾ" ಅಂದರು.

ಕನ್ನಡದಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳ ನಡೆದಿದೆ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದಿತು, 2017ರಲ್ಲಿ 'ಸತ್ಯದೇವ್ ಐಪಿಎಸ್' ಬಂತು. ಈಗ ಸಾಧನಗಳು ಹಾಸ್ಟೆಲ್ ರೂಮಿಗೇ ಬಂದಿವೆ, ತಡೆಯುವ ಮಾತಿಲ್ಲ. ಉಳಿದಿರುವ ಪ್ರಶ್ನೆ ಯಾವ ಕನ್ನಡ ಅನ್ನೋದು. ಗುಂಡಿ ಒತ್ತಿದರೆ ಬರುವುದು ಮೂವತ್ತೆರಡು ಅಕ್ಷರದ ಕನ್ನಡ. ಅದು ಬಾಯಿಗೆ ಹಿಡಿಸದೆ ಯಾವುದೋ ಕಡೆ ಹರಿಯುತ್ತದೆ. ಮಾಮಾನ ವಿಡಿಯೋದ ಶುರುವಿನಲ್ಲಿ 'ದನಿ ಮತ್ತು ತುಟಿ ಕಂಪ್ಯೂಟರಿನದು, ಮಾತು ಮಾಮಾನದು' ಅಂತ ಒಂದು ಸಾಲು ಹಾಕಿದ್ದೇವೆ. ಮುಂದೆ ಯಾರಾದರೂ ಇಂಥ ಕೆಲಸಕ್ಕೆ ಕೂತರೆ, ತುಟಿಯ ಕೋಡ್ ತೆರೆಯುವ ಮೊದಲು ಒಂದು ಹಾಳೆ ತಗೊಂಡು ವಾಕ್ಯಗಳನ್ನು ಬರೆದು, ಅಕ್ಷರ ಎಣಿಸಿ, ಪ್ರತಿ ವಾಕ್ಯದ ಬಾಲಕ್ಕೆ ಕೆಂಪು ಗೆರೆ ಎಳೆಯಿರಿ. ಗೆರೆ ಎಳೆದದ್ದು ಪೂರ್ತಿ ಕೇಳಿಸಿದರೆ ಅರ್ಧ ಕೆಲಸ ಆಯಿತು.